ಲಿಮಿಟ್ 10 ಲಕ್ಷ ಇದ್ರೂ ಬ್ಯಾಂಕ್ 9 ಲಕ್ಷವೇ ಕೊಡೋದು ಯಾಕೆ?

ಹುಣಸೆ ಸುಗ್ಗಿ ಬಂದರೆ ತೋವಿನಕೆರೆ, ಕೊರಟಗೆರೆ, ಮಧುಗಿರಿ ಕಡೆ ಹಣ್ಣು ಕೊಂಡು, ಬೀಜ ತೆಗೆಸಿ, ಬೆಲೆ ಬರುವವರೆಗೆ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವ ಯುವಕರು ಈಗ ಬ್ಯಾಂಕಿನ ಸಿಸಿ ಸಾಲ, ಅಂದರೆ ಕ್ಯಾಶ್ ಕ್ರೆಡಿಟ್ ಕೇಳುತ್ತಾರೆ. ಇದು ಬೆಳೆ ಸಾಲದ ಹಾಗಲ್ಲ. ಮಂಜೂರಾದ ಮೊತ್ತ ಲಿಮಿಟ್. ಅದರೊಳಗೆ ಇವತ್ತು ಎಷ್ಟು ತೆಗೆಯಬಹುದು ಅನ್ನೋದು ಡ್ರಾಯಿಂಗ್ ಪವರ್, ಬ್ಯಾಂಕಿನವರ ಬಾಯಲ್ಲಿ ಡಿಪಿ. ಅದು ನಿಮ್ಮ ಸರಕಿನ ಜೊತೆ ಏರಿಳಿಯುತ್ತದೆ.

ಒಂದು ಲೆಕ್ಕ ನೋಡೋಣ. ಲಿಮಿಟ್ 10 ಲಕ್ಷ, ಮಾರ್ಜಿನ್ ಶೇ. 25. ಏಪ್ರಿಲ್ ಕೊನೆಗೆ ನಿಮ್ಮ ಹತ್ತಿರ 100 ಕ್ವಿಂಟಾಲ್ ಹುಣಸೆ ಇದೆ, ಕೊಂಡ ಬೆಲೆ ಕ್ವಿಂಟಾಲ್‌ಗೆ 16,000 ರೂ., ಒಟ್ಟು 16 ಲಕ್ಷ. ಆದರೆ ರೈತರಿಗೆ ಇನ್ನೂ 4 ಲಕ್ಷ ಕೊಡಬೇಕು. ದುಡ್ಡು ಕೊಡದ ಸರಕಿಗೆ ಬ್ಯಾಂಕ್ ಸಾಲ ಕೊಡಲ್ಲ, ಅದನ್ನು ಆ ರೈತರೇ ನಿಮಗೆ ಸಾಲ ಕೊಟ್ಟಿದ್ದಾರಲ್ಲ! ಹಾಗಾಗಿ ಉಳಿದದ್ದು 12 ಲಕ್ಷ. ಅದರಲ್ಲಿ ಕಾಲು ಭಾಗ, 3 ಲಕ್ಷ, ನಿಮ್ಮ ಕೈಯಿಂದ. ಡಿಪಿ 9 ಲಕ್ಷ.

ಮೇ ತಿಂಗಳಲ್ಲಿ ರೈತರ ಬಾಕಿ ತೀರಿಸಿದಿರಿ. ಈಗ 16 ಲಕ್ಷದ ಮುಕ್ಕಾಲು 12 ಲಕ್ಷ ಆಗುತ್ತದೆ, ಆದರೆ ಲಿಮಿಟ್ ದಾಟುವಂತಿಲ್ಲ, ಸಿಗೋದು 10 ಲಕ್ಷ. ಖಾತೆಯಲ್ಲಿ 9 ಲಕ್ಷ ಸಾಲ ನಿಂತಿದೆ ಅಂದುಕೊಳ್ಳಿ. ಜೂನ್‌ನಲ್ಲಿ ಅರ್ಧ ಸರಕು ಮಾರಿ, ಬಂದ ದುಡ್ಡನ್ನು ಖಾತೆಗೆ ಹಾಕದೆ ಬೋರ್‌ವೆಲ್ ಕೊರೆಸಿದರೆ? ಉಳಿದ 8 ಲಕ್ಷದ ಸರಕಿಗೆ ಡಿಪಿ 6 ಲಕ್ಷ, ಸಾಲ 9 ಲಕ್ಷ. 3 ಲಕ್ಷಕ್ಕೆ ಆಧಾರವೇ ಇಲ್ಲ. ಸರಕು ಹೋದರೆ ಅದರ ದುಡ್ಡು ಖಾತೆಗೆ ಬರಬೇಕು, ಸಿಸಿಯ ಜೀವ ಇದೇ.

ಸರಕು ನಿಮ್ಮ ಸುಪರ್ದಿಯಲ್ಲೇ ಇರುವುದರಿಂದ ಇದು ಬ್ಯಾಂಕಿಗೆ ಗೊತ್ತಾಗುವುದು ಸ್ಟಾಕ್ ಸ್ಟೇಟ್‌ಮೆಂಟ್‌ನಿಂದ, ಸಾಮಾನ್ಯವಾಗಿ ತಿಂಗಳಿಗೊಂದು. ಕೊಡದೆ ಸುಮ್ಮನಿದ್ದರೆ ಬರೀ ದಂಡ ಶುಲ್ಕದ ಮಾತಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟ್ ಮೇಲಿನ ಡಿಪಿ ಲೆಕ್ಕಕ್ಕಿಲ್ಲ. ಹಾಗೆ 90 ದಿನ ಮುಂದುವರಿದರೆ, ಬಡ್ಡಿ ಕಟ್ಟುತ್ತಿದ್ದರೂ ಖಾತೆ ಎನ್‌ಪಿಎ ಆಗಬಹುದು.

ಬರೆಯುವಾಗ ಕೊಂಡ ಬೆಲೆ, ಇವತ್ತಿನ ಮಾರುಕಟ್ಟೆ ಬೆಲೆ ಎರಡರಲ್ಲಿ ಕಡಿಮೆ ಇರುವುದನ್ನೇ ಹಾಕಿ. ಹುಣಸೆ ಇಟ್ಟಷ್ಟೂ ಕಪ್ಪಾಗಿ ಬೆಲೆ ಇಳಿಯುವ ಸರಕು, ಕಳೆದ ವರ್ಷದ್ದನ್ನು ಬೇರೆ ಸಾಲಿನಲ್ಲಿ ತೋರಿಸಿ. ಮಾರಿಕೊಡಿ ಅಂತ ಬೇರೆಯವರು ಇಟ್ಟ ಚೀಲ ನಿಮ್ಮ ಸ್ಟಾಕ್ ಅಲ್ಲ. ಗೋದಾಮಿನ ರಸೀದಿ ಅಡವಿಟ್ಟು ಇನ್ನೊಂದು ಕಡೆ ಸಾಲ ತೆಗೆದ ಚೀಲಗಳನ್ನೂ ಸೇರಿಸಬೇಡಿ. ಬ್ಯಾಂಕಿನವರು ತಪಾಸಣೆಗೆ ಬಂದಾಗ ಚೀಲ ಎಣಿಸಿ, ಕೋಲ್ಡ್ ಸ್ಟೋರೇಜ್ ರಸೀದಿ ಜೊತೆ ತಾಳೆ ನೋಡುತ್ತಾರೆ.