ರಾತ್ರಿ ಬಸ್ಸಿನಲ್ಲಿ ಓದುವ ಸಂದರ್ಶನ ಪತ್ರ

“ನಿಮ್ಮ ಅರ್ಜಿ ಶಾರ್ಟ್‌ಲಿಸ್ಟ್ ಆಗಿದೆ. ಬುಧವಾರ ಬೆಳಿಗ್ಗೆ ನಮ್ಮ ಪೀಣ್ಯ ಘಟಕದಲ್ಲಿ ಸಂದರ್ಶನವಿದೆ. ಅಗತ್ಯ ದಾಖಲೆಗಳೊಂದಿಗೆ ಹಾಜರಾಗಿ. ಎಚ್‌ಆರ್ ವಿಭಾಗ.”

ಹೊಸದಾಗಿ ಡಿಪ್ಲೊಮಾ ಮುಗಿಸಿದವರಿಗೆ ಬರುವ ಇಮೇಲ್‌ಗಳಲ್ಲಿ ಇಂಥವು ಕಡಿಮೆಯೇನಲ್ಲ. ಬರೆದವರಿಗೆ ಇದರಲ್ಲಿ ಏನೂ ಬಿಟ್ಟುಹೋದಂತೆ ಕಾಣುವುದಿಲ್ಲ, ಏಕೆಂದರೆ ಅವರು ದಿನಾ ಅದೇ ಗೇಟಿನಿಂದ ಒಳಗೆ ಹೋಗುವವರು. ಓದುವವನು ರಾಣೆಬೆನ್ನೂರಿನ ಹುಡುಗ ಎಂದುಕೊಳ್ಳೋಣ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ, ಬೆಂಗಳೂರು ಗೊತ್ತಿಲ್ಲ. ಮಂಗಳವಾರ ರಾತ್ರಿ ಬಸ್ಸು ಹತ್ತಿ ಮೊಬೈಲಿನಲ್ಲಿ ಮತ್ತೆ ಮತ್ತೆ ಓದುವುದು ಈ ನಾಲ್ಕು ಸಾಲನ್ನೇ. ಎಲ್ಲಿ ಇಳಿಯಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಏನು ತರಬೇಕು, ದಾರಿ ತಪ್ಪಿದರೆ ಯಾರನ್ನು ಕೇಳಬೇಕು, ಒಂದಕ್ಕೂ ಅದರಲ್ಲಿ ಉತ್ತರವಿಲ್ಲ.

ಮೊದಲು ಸ್ಥಳ. ಪೀಣ್ಯ ಎಂದರೆ ಒಂದು ಬೀದಿಯಲ್ಲ. ಹಲವು ಹಂತಗಳಾಗಿ ಬೆಳೆದ ದೊಡ್ಡ ಕೈಗಾರಿಕಾ ಪ್ರದೇಶ ಅದು. ಅಲ್ಲಿನ ವಿಳಾಸದಲ್ಲಿ ಹಂತ, ಮುಖ್ಯರಸ್ತೆ, ಅಡ್ಡರಸ್ತೆ ಮತ್ತು ಪ್ಲಾಟ್ ಸಂಖ್ಯೆ ನಾಲ್ಕೂ ಇದ್ದರೆ ಮಾತ್ರ ಆಟೊದವರಿಗೆ ಅರ್ಥವಾಗುತ್ತದೆ. ಹಸಿರು ಮಾರ್ಗದ ಮೆಟ್ರೊದಲ್ಲಿ ‘ಪೀಣ್ಯ’ ಎಂಬ ನಿಲ್ದಾಣವೂ ಇದೆ, ಅದರ ಪಕ್ಕದಲ್ಲೇ ‘ಪೀಣ್ಯ ಇಂಡಸ್ಟ್ರಿ’ ಎಂಬ ಇನ್ನೊಂದೂ ಇದೆ. ಪತ್ರದಲ್ಲಿ ಬರೀ ‘ಪೀಣ್ಯ ಮೆಟ್ರೊ ಹತ್ತಿರ’ ಎಂದು ಬರೆದರೆ ಹುಡುಗ ಎರಡರಲ್ಲಿ ಯಾವುದರಲ್ಲಾದರೂ ಇಳಿದಾನು.

ಇನ್ನೂ ಒಂದು ಸಂಗತಿಯನ್ನು ಬೆಂಗಳೂರಿನಲ್ಲಿ ಕುಳಿತು ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಹಾವೇರಿ, ದಾವಣಗೆರೆ ಕಡೆಯ ಬಸ್ಸುಗಳು ನಗರಕ್ಕೆ ಬರುವುದು ತುಮಕೂರು ರಸ್ತೆಯಲ್ಲಿ, ಪೀಣ್ಯದ ಬದಿಯಿಂದಲೇ. ಗೊತ್ತಿಲ್ಲದ ಹುಡುಗ ಮೆಜೆಸ್ಟಿಕ್‌ವರೆಗೆ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬರುತ್ತಾನೆ. ಗೊತ್ತಿದ್ದವರು ಮೇಲ್ಸೇತುವೆ ಏರುವ ಮುಂಚೆಯೇ ಇಳಿದುಬಿಡುತ್ತಾರೆ. ಬಸ್ಸು ಮೇಲೆ ಹತ್ತಿಬಿಟ್ಟರೆ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹಿಡಿಯುತ್ತಾರೆ. ಅರ್ಜಿಯಲ್ಲಿ ಅವನ ಊರಿನ ಹೆಸರು ಇದ್ದೇ ಇರುತ್ತದೆ. ಅದನ್ನು ನೋಡಿ ಈ ಎರಡು ವಾಕ್ಯ ಸೇರಿಸಿದರೆ, ಬೆಳಗಿನ ವಾಹನದಟ್ಟಣೆಯಲ್ಲಿ ಅವನಿಗೆ ಒಂದು ಗಂಟೆಯಾದರೂ ಉಳಿಯುತ್ತದೆ. ಮ್ಯಾಪ್‌ನ ಲಿಂಕ್ ಕಳಿಸುವುದು ಒಳ್ಳೆಯದೇ. ಆದರೆ ಆ ಗುರುತು ಕಾರ್ಖಾನೆಯ ಹಿಂಬದಿಗೆ, ಲಾರಿಗಳು ಸರಕು ಇಳಿಸುವ ಗೇಟಿಗೆ ಬಿದ್ದಿದೆಯೇ ಎಂದು ಕಳಿಸುವವರು ಒಮ್ಮೆ ತೆರೆದು ನೋಡಬೇಕು.

ಸಮಯದ ವಿಷಯದಲ್ಲಿ ‘ಬೆಳಿಗ್ಗೆ’ ಎಂದರೆ ಸಾಲದು, ‘10.30’ ಎಂದರೂ ಪೂರ್ತಿಯಾಗುವುದಿಲ್ಲ. ಅದು ಗೇಟಿಗೆ ಬರಬೇಕಾದ ಹೊತ್ತೋ, ಮೇಜಿನ ಎದುರು ಕೂರುವ ಹೊತ್ತೋ? ಕಾರ್ಖಾನೆಗಳಲ್ಲಿ ಸೆಕ್ಯುರಿಟಿಯವರು ರಿಜಿಸ್ಟರ್‌ನಲ್ಲಿ ಹೆಸರು ಬರೆಸಿ, ಗುರುತಿನ ಚೀಟಿ ನೋಡಿ, ಒಳಗೆ ಫೋನ್ ಮಾಡಿ, ಪಾಸ್ ಕೊಡುವಷ್ಟರಲ್ಲಿ ಹದಿನೈದು ಇಪ್ಪತ್ತು ನಿಮಿಷ ಹೋಗುತ್ತದೆ. ಆದ್ದರಿಂದ ಎರಡು ಸಮಯ ಬೇಕು, ಜೊತೆಗೆ ಎಷ್ಟು ಹೊತ್ತಿಗೆ ಮುಗಿದೀತು ಎಂಬ ಅಂದಾಜೂ ಬೇಕು. ವಾಪಸ್ ಹೋಗಲು ಯಾವ ಬಸ್ಸಿಗೆ ಟಿಕೆಟ್ ಮಾಡಬೇಕು ಎಂಬುದು ಹುಡುಗನಿಗೆ ಗೊತ್ತಾಗುವುದು ಅದರಿಂದಲೇ. ತಾರೀಖನ್ನು 05/03 ಎಂದು ಬರೆಯಬಾರದು. ವಿದೇಶಿ ಮೂಲದ ಸಾಫ್ಟ್‌ವೇರ್‌ಗಳು ತಿಂಗಳನ್ನು ಮೊದಲು ಹಾಕುವುದರಿಂದ ಮಾರ್ಚ್ 5 ಮೇ 3 ಆಗಿಬಿಡಬಹುದು. ತಿಂಗಳ ಹೆಸರು ಬರೆದು, ಪಕ್ಕದಲ್ಲಿ ವಾರದ ಹೆಸರನ್ನೂ ಸೇರಿಸಿದರೆ ಒಂದರ ತಪ್ಪನ್ನು ಇನ್ನೊಂದು ತೋರಿಸಿಕೊಡುತ್ತದೆ.

ಹೆಚ್ಚು ತೊಂದರೆ ಆಗುವುದು ದಾಖಲೆಗಳಲ್ಲಿ. ‘ಅಗತ್ಯ ದಾಖಲೆಗಳು’ ಎಂದು ಓದಿದ ಹುಡುಗ ಮನೆಯ ಬೀರುವಿನಲ್ಲಿರುವ ಕಾಗದವನ್ನೆಲ್ಲ ಫೈಲಿಗೆ ತುಂಬಿಕೊಳ್ಳುತ್ತಾನೆ, ಅಥವಾ ಜೆರಾಕ್ಸ್ ಮಾತ್ರ ತರುತ್ತಾನೆ. ಅವನ ಕೆಲಸಕ್ಕೆ ಬೇಕಾಗುವುದು ಇಷ್ಟೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಪ್ಲೊಮಾದ ಆರೂ ಸೆಮಿಸ್ಟರ್‌ಗಳ ಅಂಕಪಟ್ಟಿ, ಡಿಪ್ಲೊಮಾ ಪ್ರಮಾಣಪತ್ರ, ಫೋಟೊ ಇರುವ ಒಂದು ಗುರುತಿನ ಚೀಟಿ, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ, ಬಯೊಡೇಟಾದ ಒಂದು ಪ್ರತಿ. ಯಾವುದು ಮೂಲಪ್ರತಿ, ಯಾವುದು ನಕಲು ಎಂಬುದನ್ನು ಪತ್ರವೇ ಹೇಳಬೇಕು. ಮೂಲಪ್ರತಿಯನ್ನು ನೋಡಿ ಅಲ್ಲೇ ವಾಪಸ್ ಕೊಡಲಾಗುತ್ತದೆ ಎಂಬ ಮಾತನ್ನೂ ಬರೆಯಬೇಕು. ಅಂಕಪಟ್ಟಿ ಇಟ್ಟುಕೊಂಡುಬಿಟ್ಟರೆ ಏನು ಗತಿ ಎಂಬ ಭಯ ಮನೆಯವರಿಗೆ ಇರುತ್ತದೆ, ಆ ಭಯಕ್ಕೆ ಕಾರಣವೂ ಇದೆ. ಫಲಿತಾಂಶ ಬಂದು ಪ್ರಮಾಣಪತ್ರ ಇನ್ನೂ ಕೈಸೇರದವರು ಬಹಳ ಜನ. ಅವರಿಗೆ ಪ್ರೊವಿಷನಲ್ ಸರ್ಟಿಫಿಕೇಟ್ ಅಥವಾ ಡಿಜಿಲಾಕರ್‌ನ ಪ್ರತಿ ಸಾಕೇ ಎಂದು ಮೊದಲೇ ತಿಳಿಸದಿದ್ದರೆ, ಅರ್ಹನಾದವನೇ ಬರದೆ ಉಳಿಯುತ್ತಾನೆ. ಆಧಾರ್ ನಕಲು ಬೇಕೇ ಬೇಕು ಎಂದಾದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿದರೆ ಸಾಕು.

ಇವೆಲ್ಲ ಸೇರಿದರೆ ಪತ್ರ ಉದ್ದವಾಗುವುದಿಲ್ಲವೇ ಎಂದು ನೇಮಕಾತಿ ವಿಭಾಗದವರು ಕೇಳಬಹುದು. ಬರೆದು ನೋಡೋಣ:

“ಸಂದರ್ಶನ: 18 ಫೆಬ್ರವರಿ 2026, ಬುಧವಾರ. ಬೆಳಿಗ್ಗೆ 10 ಗಂಟೆಗೆ ಮುಖ್ಯ ಗೇಟಿಗೆ ಬನ್ನಿ, 10.30ಕ್ಕೆ ಲಿಖಿತ ಪರೀಕ್ಷೆ, ನಂತರ ಸಂದರ್ಶನ. ಮಧ್ಯಾಹ್ನ 2ರ ಹೊತ್ತಿಗೆ ಮುಗಿಯುತ್ತದೆ. ಪೂರ್ಣ ವಿಳಾಸ ಮತ್ತು ಮ್ಯಾಪ್ ಕೆಳಗಿದೆ. ಮೆಟ್ರೊದಲ್ಲಿ ಬರುವವರು ‘ಪೀಣ್ಯ ಇಂಡಸ್ಟ್ರಿ’ಯಲ್ಲಿ ಇಳಿಯಿರಿ. ತುಮಕೂರು ಕಡೆಯಿಂದ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ಗೆ ಹೋಗಬೇಕಿಲ್ಲ. ಗೇಟಿನಲ್ಲಿ ಈ ಇಮೇಲ್ ಮತ್ತು ಗುರುತಿನ ಚೀಟಿ ತೋರಿಸಿ. ಕಾರ್ಖಾನೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲಿ ಇಡಬೇಕು. ತರಬೇಕಾದ ದಾಖಲೆಗಳ ಪಟ್ಟಿ ಕೆಳಗಿದೆ. ಮೂಲಪ್ರತಿಗಳನ್ನು ನೋಡಿ ಅಲ್ಲೇ ಹಿಂದಿರುಗಿಸುತ್ತೇವೆ. ಬರುತ್ತೀರೋ ಇಲ್ಲವೋ ಎಂದು ಸೋಮವಾರ ಸಂಜೆ 5ರ ಒಳಗೆ ಈ ಇಮೇಲ್‌ಗೇ ಉತ್ತರಿಸಿ.”

ಮೊಬೈಲಿನ ಪರದೆಯಲ್ಲಿ ಒಂದು ಸಲ ಮೇಲೆ ಸರಿಸಿದರೆ ಮುಗಿಯುವಷ್ಟೇ ಇದು. ಮೊಬೈಲ್ ಒಯ್ಯುವಂತಿಲ್ಲ ಎಂಬ ಒಂದು ಸಾಲು ಚಿಕ್ಕದಾಗಿ ಕಾಣಬಹುದು. ಆದರೆ ದಾಖಲೆಗಳನ್ನೆಲ್ಲ ಮೊಬೈಲಿನಲ್ಲೇ ಇಟ್ಟುಕೊಂಡು ಬಂದವನಿಗೆ, ಕಾಗದದ ಪ್ರತಿ ತೆಗೆಸಿಕೊಳ್ಳಬೇಕು ಎಂಬ ಎಚ್ಚರ ಹುಟ್ಟುವುದು ಆ ಸಾಲಿನಿಂದಲೇ.

ಕೊನೆಯದು ಸಂಪರ್ಕಿಸಬೇಕಾದ ವ್ಯಕ್ತಿ. ‘ಎಚ್‌ಆರ್ ವಿಭಾಗ’ ಎನ್ನುವುದು ಯಾರ ಹೆಸರೂ ಅಲ್ಲ. ಗೇಟಿನಲ್ಲಿ “ಯಾರನ್ನು ನೋಡಬೇಕು?” ಎಂದು ಕೇಳಿದಾಗ ಹುಡುಗನ ಬಾಯಲ್ಲಿ ಒಂದು ಹೆಸರು ಇರಬೇಕು, ಆ ಹೆಸರಿನವರು ಅಂದು ಕಚೇರಿಯಲ್ಲಿ ಇರಬೇಕು. ಪತ್ರದಲ್ಲಿ ಹೆಸರು, ಹುದ್ದೆ, ಫೋನ್ ನಂಬರ್, ಯಾವ ಹೊತ್ತಿನಲ್ಲಿ ಕರೆ ಮಾಡಬಹುದು ಎಂಬುದು ಬೇಕು, ಅವರು ರಜೆ ಹಾಕಿದರೆ ಮಾತಾಡಲು ಇನ್ನೊಬ್ಬರ ನಂಬರೂ ಬೇಕು. ಸಂದರ್ಶನದ ದಿನ ಬೆಳಿಗ್ಗೆ 8ರಿಂದ ಆ ಫೋನ್ ಎತ್ತುವವರು ಯಾರಾದರೂ ಇರಲೇಬೇಕು. ಉತ್ತರಿಸಲಾಗದ ಯಂತ್ರ ವಿಳಾಸದಿಂದ ಕಳಿಸಿದ ಪತ್ರದಲ್ಲಿ ಇದೊಂದೂ ಸಾಧ್ಯವಾಗುವುದಿಲ್ಲ.

ಹೆಸರು, ನಂಬರು ಇದ್ದ ಮಾತ್ರಕ್ಕೆ ಪತ್ರ ನಿಜವೆಂದು ಅಭ್ಯರ್ಥಿ ನಂಬಬೇಕಾಗಿಲ್ಲ. ಕಂಪನಿಯ ಹೆಸರಿನಲ್ಲಿ ಸುಳ್ಳು ಸಂದರ್ಶನ ಪತ್ರ ಕಳಿಸಿ ಹಣ ಕೀಳುವವರೂ ಇದೇ ನಾಲ್ಕು ವಿವರಗಳನ್ನು ಚೆನ್ನಾಗಿ ತುಂಬಿರುತ್ತಾರೆ. ಪತ್ರದಲ್ಲಿರುವ ನಂಬರಿಗೇ ಕರೆ ಮಾಡಿ ವಿಚಾರಿಸಿದರೆ ಪ್ರಯೋಜನವಿಲ್ಲ, ಫೋನ್ ಎತ್ತುವವರೂ ಅವರೇ. ಕಂಪನಿಯ ಜಾಲತಾಣವನ್ನು ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಿ. ಕಳಿಸಿದವರ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗ ಆ ಜಾಲತಾಣದ ಹೆಸರಿಗೆ ಅಕ್ಷರ ಅಕ್ಷರ ಹೊಂದುತ್ತದೆಯೇ ನೋಡಿ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಭದ್ರತೆ ಎಂದು ಯಾವ ಹೆಸರಿನಲ್ಲಿ ದುಡ್ಡು ಕೇಳಿದರೂ, ಒಟಿಪಿ ಕೇಳಿದರೂ ಉತ್ತರ ಕೊಡಬೇಡಿ. ಈಗಾಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರು ಪಡೆಯುವ ರಾಷ್ಟ್ರೀಯ ಸಹಾಯವಾಣಿ. cybercrime.gov.in ತಾಣದಲ್ಲೂ ದೂರು ದಾಖಲಿಸಬಹುದು.