ಬಾಯಿಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ

ಸೂಕ್ಷ್ಮ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ನಾಲ್ಕು ಮನೆಗಳ ಕೋಷ್ಟಕ ಕೊಟ್ಟು ನ್ಯಾಶ್ ಸಮತೋಲನ ಎಲ್ಲಿದೆ ಎಂದು ಕೇಳಿದರೆ, ಇಬ್ಬರಿಗೂ ಲಾಭವಿರುವ ಮನೆಯನ್ನೇ ತೋರಿಸುವ ಆಸೆ ಹುಟ್ಟುತ್ತದೆ. ಕೈದಿಗಳ ಇಕ್ಕಟ್ಟಿನಲ್ಲಿ ಅದೇ ತಪ್ಪು ಉತ್ತರ.

1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಷರ್ ಒಂದು ಆಟ ಕಟ್ಟಿದರು. ಅದಕ್ಕೆ ಕೈದಿಗಳ ಕಥೆ ಹೆಣೆದವರು ಗಣಿತಜ್ಞ ಆಲ್ಬರ್ಟ್ ಟಕರ್. ರಾಜು ಮತ್ತು ಸೋಮು ಸಿಕ್ಕಿಬಿದ್ದಿದ್ದಾರೆ, ಬೇರೆ ಬೇರೆ ಕೋಣೆಗಳಲ್ಲಿದ್ದಾರೆ ಎನ್ನಿ. ಶಿಕ್ಷೆಯ ವರ್ಷಗಳು ನಷ್ಟವಾದ್ದರಿಂದ ಋಣ ಚಿಹ್ನೆ ಹಾಕಿದೆ. ಪ್ರತಿ ಮನೆಯಲ್ಲೂ ಮೊದಲ ಅಂಕಿ ರಾಜುವಿನದು.

| | ಸೋಮು: ಮೌನ | ಸೋಮು: ತಪ್ಪೊಪ್ಪಿಗೆ |
|---|---|---|
| ರಾಜು: ಮೌನ | −1, −1 | −10, 0 |
| ರಾಜು: ತಪ್ಪೊಪ್ಪಿಗೆ | 0, −10 | −5, −5 |

ಈಗ ಪೆನ್ಸಿಲ್ ಹಿಡಿಯಿರಿ. ಸೋಮು ಮೌನವಾಗಿದ್ದಾನೆ ಎಂದುಕೊಂಡು ಮೊದಲ ಕಂಬಸಾಲನ್ನಷ್ಟೇ ನೋಡಿ. ರಾಜುವಿಗೆ −1ಕ್ಕಿಂತ 0 ಮೇಲು, 0ಗೆ ಅಡಿಗೆರೆ ಎಳೆಯಿರಿ. ಸೋಮು ಒಪ್ಪಿಕೊಂಡರೆ? −10ಕ್ಕಿಂತ −5 ಮೇಲು, ಅದಕ್ಕೂ ಗೆರೆ. ಸೋಮು ಏನೇ ಮಾಡಲಿ, ರಾಜುವಿಗೆ ಒಪ್ಪಿಕೊಳ್ಳುವುದೇ ವಾಸಿ. ಇಂಥ ಆಯ್ಕೆಯೇ ಪ್ರಬಲ ತಂತ್ರ. ಸೋಮುವಿಗಾಗಿ ಅಡ್ಡಸಾಲುಗಳಲ್ಲಿ ಎರಡನೆಯ ಅಂಕಿಗಳನ್ನು ಹೋಲಿಸಿದರೂ ಇದೇ ಫಲ. ಎರಡು ಅಂಕಿಗಳಿಗೂ ಗೆರೆ ಬಿದ್ದಿರುವುದು ಕೊನೆಯ ಮನೆಗೆ ಮಾತ್ರ. ಅಲ್ಲಿಂದ ಒಬ್ಬನೇ ಮನಸ್ಸು ಬದಲಿಸಿದರೆ ಐದು ವರ್ಷ ಹತ್ತಾಗುತ್ತದೆ; ಹಾಗಾಗಿ ಯಾರೂ ಕದಲುವುದಿಲ್ಲ. ಸಮತೋಲನವೆಂದರೆ ಇಷ್ಟೇ. ಅದು ಇಬ್ಬರಿಗೂ ಒಳ್ಳೆಯದಾಗಿರಬೇಕೆಂಬ ಕರಾರು ಎಲ್ಲೂ ಇಲ್ಲ.

ಮುಂಚೆಯೇ ಮಾತಾಡಿಕೊಂಡರೆ ಉಳಿಯಬಹುದಲ್ಲ ಎಂಬ ಪ್ರಶ್ನೆ ಸಹಜ. ಆದರೆ ಕೊಟ್ಟ ಮಾತಿಗೆ ಕಟ್ಟಿಹಾಕುವವರು ಇಲ್ಲದಿದ್ದರೆ ಕೋಷ್ಟಕದ ಅಂಕಿಗಳು ಬದಲಾಗುವುದಿಲ್ಲ. ಗೆಳೆಯ ಮೌನವಾಗಿರುವನೆಂದು ಖಾತ್ರಿಯಾದರೂ ಬಾಯಿಬಿಡುವ ಆಸೆ ಉಳಿದೇ ಇರುತ್ತದೆ.

ಪ್ರಬಲ ತಂತ್ರ ಎಲ್ಲ ಆಟಗಳಲ್ಲೂ ಇರುತ್ತದೆಂದು ಭಾವಿಸಬೇಡಿ. ಎದುರುಬದುರಾದ ಎರಡು ವಾಹನಗಳಲ್ಲಿ ಇಬ್ಬರೂ ತಮ್ಮ ಎಡಕ್ಕೆ ಹೋದರೂ ಸರಿ, ಇಬ್ಬರೂ ಬಲಕ್ಕೆ ಹೋದರೂ ಸರಿ. ಅಲ್ಲಿ ಗೆರೆ ಎಳೆದರೆ ಎರಡು ಮನೆಗಳು ಉಳಿಯುತ್ತವೆ, ಪ್ರಬಲ ತಂತ್ರ ಯಾರಿಗೂ ಇಲ್ಲ.

ನಿಜವಾದ ಮನುಷ್ಯರು ಹೀಗೇ ಆಡುತ್ತಾರೆಯೇ? ಫ್ಲಡ್ ಮತ್ತು ಡ್ರೆಷರ್ ಇಬ್ಬರು ವಿದ್ವಾಂಸರಿಂದ ತಮ್ಮ ಆಟವನ್ನು 100 ಸಲ ಆಡಿಸಿದಾಗ 60 ಸಲ ಇಬ್ಬರೂ ಸಹಕರಿಸಿದ್ದರು. ಜಾನ್ ನ್ಯಾಶ್ ಒಪ್ಪಲಿಲ್ಲ: ನೂರು ಸಲ ಆಡಿಸಿದರೆ ಅದೆಲ್ಲ ಸೇರಿ ಒಂದೇ ದೊಡ್ಡ ಆಟ, ಬಿಡಿ ಆಟದ ಪರೀಕ್ಷೆಯಲ್ಲ ಎಂಬುದು ಅವರ ತಕರಾರು. ನನಗೂ ಅದು ಸರಿಯೆನಿಸುತ್ತದೆ. ನಾಳೆ ಮತ್ತೆ ಎದುರಾಗುವವನ ಜೊತೆ ಲೆಕ್ಕವೇ ಬೇರೆ.

ಉತ್ತರ ಪತ್ರಿಕೆಯಲ್ಲಿ ಸಮತೋಲನವೆಂದು (−5, −5) ಬರೆಯಬೇಡಿ. ಅದು ಫಲ ಮಾತ್ರ. ಸಮತೋಲನ ಇಬ್ಬರ ಆಯ್ಕೆಗಳ ಜೋಡಿ: (ತಪ್ಪೊಪ್ಪಿಗೆ, ತಪ್ಪೊಪ್ಪಿಗೆ).