ಹೆಸರಿಲ್ಲದ ಸುದ್ದಿಗೆ ಹೊಣೆ ಯಾರು?

2012ರ ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನ ರೈಲು ನಿಲ್ದಾಣ ಈಶಾನ್ಯ ರಾಜ್ಯಗಳ ಜನರಿಂದ ಕಿಕ್ಕಿರಿದಿತ್ತು. ಅಸ್ಸಾಮಿನ ಕೊಕ್ರಝಾರ್ ಗಲಭೆಗೆ ಇಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ, ರಂಜಾನ್ ಮುಗಿಯುವುದರೊಳಗೆ ಊರು ಬಿಡಿ ಎಂಬ ವದಂತಿ ಮೊಬೈಲ್‌ನಿಂದ ಮೊಬೈಲ್‌ಗೆ ಹಬ್ಬಿತ್ತು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹೆದರಿಸಿದಂಥ ಹತ್ಯಾಕಾಂಡ ನಡೆಯಲಿಲ್ಲ. ಆದರೆ ಸಾವಿರಾರು ಜನ ಕೆಲಸ, ಓದು ಬಿಟ್ಟು ಹೋಗಿದ್ದರು.

ಇದೇ ಸುದ್ದಿ ಪತ್ರಿಕೆಯಲ್ಲಿ ಬಂದಿದ್ದರೆ ಏನಾಗುತ್ತಿತ್ತು? ಯಾವುದೇ ದಿನಪತ್ರಿಕೆ ತಿರುವಿ ನೋಡಿ, ಪುಟದ ತಳದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರಿರುತ್ತದೆ. ಸುದ್ದಿ ಸುಳ್ಳಾದರೆ ಕೋರ್ಟಿಗೆ ಎಳೆಯಲು ಒಬ್ಬರು ಸಿಗುತ್ತಾರೆ. ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ಅಂಥ ಹೆಸರಿಲ್ಲ.

ಹಾಗೆಂದು ಪತ್ರಿಕೆಗಳನ್ನು ಕಣ್ಣುಮುಚ್ಚಿ ನಂಬಬಹುದೇ? ಇಲ್ಲ. ಕಾಸಿಗಾಗಿ ಸುದ್ದಿ ಎಂಬ ರೋಗ ಪತ್ರಿಕೋದ್ಯಮದ್ದೇ. ಭಾರತೀಯ ಪತ್ರಿಕಾ ಮಂಡಳಿ ತಪ್ಪು ಮಾಡಿದ ಪತ್ರಿಕೆಗೆ ಛೀಮಾರಿ ಹಾಕಬಹುದೇ ಹೊರತು ದಂಡ ವಿಧಿಸುವಂತಿಲ್ಲ, ಟಿವಿ ವಾಹಿನಿಗಳಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ. ಪತ್ರಿಕೆ ಮುಚ್ಚಿಟ್ಟದ್ದನ್ನು ಹಳ್ಳಿಯ ಹುಡುಗನೊಬ್ಬನ ಮೊಬೈಲ್ ವಿಡಿಯೊ ಬಯಲಿಗೆ ತಂದಾಗ ಪ್ರಜಾಪ್ರಭುತ್ವಕ್ಕೆ ಲಾಭವೇ. ಪತ್ರಿಕೆಗೆ ಸಾಮಾನ್ಯ ಪ್ರಜೆಗಿಲ್ಲದ ವಿಶೇಷ ಹಕ್ಕೇನೂ ಇಲ್ಲ ಎಂದು ಅಂಬೇಡ್ಕರ್ ಸಂವಿಧಾನ ರಚನಾ ಸಭೆಯಲ್ಲೇ ಹೇಳಿದ್ದರು. 19(1)(ಎ) ವಿಧಿ ಇಬ್ಬರಿಗೂ ಒಂದೇ.

ಹಾಗಾದರೆ ವದಂತಿಗೆ ಕಡಿವಾಣ ಬೇಡವೇ? ಬೇಕು. ಸಾರ್ವಜನಿಕ ಶಾಂತಿ ಕದಡುವ ಮಾತಿಗೆ ಮಿತಿ ಹಾಕಲು 19(2) ವಿಧಿಯೇ ಅವಕಾಶ ಕೊಟ್ಟಿದೆ. ಆಗಸ್ಟ್‌ನಲ್ಲಿ ಸರ್ಕಾರ ಒಮ್ಮೆಗೇ ಹಲವರಿಗೆ ಎಸ್ಸೆಮ್ಮೆಸ್ ಕಳಿಸುವುದಕ್ಕೆ ಕೆಲ ದಿನಗಳ ಮಟ್ಟಿಗೆ ಮಿತಿ ಹೇರಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಮೂರೇ ತಿಂಗಳಲ್ಲಿ ಇನ್ನೊಂದು ಮುಖ ಕಂಡಿತು. ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಹಾಕಿದ ಕಲಮುಗಳಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕೂಡ ಇತ್ತು. ಆ ಕಲಮಿನ ಪ್ರಕಾರ ಸಂದೇಶದಿಂದ ಯಾರಿಗಾದರೂ ಕಿರಿಕಿರಿಯಾದರೂ ಮೂರು ವರ್ಷದವರೆಗೆ ಜೈಲಾಗಬಹುದಿತ್ತು.

ಶ್ರೇಯಾ ಸಿಂಘಲ್ ಎಂಬ ಯುವತಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2015ರ ಮಾರ್ಚ್ 24ರಂದು 66ಎ ರದ್ದಾಯಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಎಷ್ಟೇ ಕಹಿಯಾಗಿದ್ದರೂ ಮೊದಲೆರಡಕ್ಕೆ ರಕ್ಷಣೆಯಿದೆ, ಮಾತು ಪ್ರಚೋದನೆಯ ಹಂತ ಮುಟ್ಟಿದಾಗ ಮಾತ್ರ ಕಾನೂನು ಕೈಹಾಕಬಹುದು ಎಂದು ಪೀಠ ಗೆರೆ ಎಳೆಯಿತು. ಊರು ಬಿಡಿಸಿದ ವದಂತಿಯನ್ನೂ ಬಂದ್ ಪ್ರಶ್ನಿಸಿದ ಹುಡುಗಿಯ ಮಾತನ್ನೂ ಒಂದೇ ತಕ್ಕಡಿಗೆ ಹಾಕಬಾರದೆನ್ನಲು ಇದಕ್ಕಿಂತ ಸ್ಪಷ್ಟ ಅಳತೆ ನನಗೆ ಕಂಡಿಲ್ಲ.

ಕಲಮು ಸತ್ತರೂ ಠಾಣೆಗಳಲ್ಲಿ ಅದರಡಿ ಕೇಸು ದಾಖಲಾಗುತ್ತಲೇ ಇದ್ದವು. ಯಾರ ಮೇಲೂ 66ಎ ಅಡಿ ಮೊಕದ್ದಮೆ ನಡೆಸಕೂಡದೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮತ್ತೆ ಆದೇಶಿಸಬೇಕಾಯಿತು. ಈ ಕಲಮಿನ ಹೆಸರು ಹೇಳಿ ಯಾರಾದರೂ ನಿಮ್ಮನ್ನು ಹೆದರಿಸಿದರೆ ಆ ಎರಡೂ ಆದೇಶಗಳನ್ನು ಅವರ ಮುಂದಿಡಿ.